ಬಿಳಿ ಕೋಟು ತೆಗೆದಿಟ್ಟ ಮೇಲೆ ರೋಗಿ ಏನನ್ನು ನೋಡಿ ನಂಬಬೇಕು?

ನಾನಿರುವ ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳ ವಾರ್ಡುಗಳಲ್ಲಿ ಬಿಳಿ ಕೋಟು ತೊಟ್ಟ ವೈದ್ಯರು ಕಾಣಸಿಗುವುದೇ ಅಪರೂಪ. 2007ರಲ್ಲಿ ಇಲ್ಲಿನ ಆರೋಗ್ಯ ಇಲಾಖೆ ಒಂದು ಸೂಚನೆ ಹೊರಡಿಸಿತು: ರೋಗಿಯನ್ನು ಮುಟ್ಟಿ ಪರೀಕ್ಷಿಸುವಾಗ ಮೊಣಕೈಯಿಂದ ಕೆಳಗೆ ಏನೂ ಇರಬಾರದು. ತುಂಬುತೋಳು, ಕೈಗಡಿಯಾರ, ಬಳೆ ಯಾವುದೂ ಬೇಡ; ಸಾದಾ ಮದುವೆಯುಂಗುರಕ್ಕೆ ಮಾತ್ರ ವಿನಾಯಿತಿ. ಟೈ ಕೂಡ ಬೇಡವೆಂದಾಯಿತು. ಉದ್ದ ತೋಳಿನ ಕೋಟಿಗೆ ಇನ್ನು ಜಾಗವಿರಲಿಲ್ಲ.

ಕರ್ನಾಟಕದಲ್ಲಿ ಇಂದಿಗೂ ಕೋಟು ತೊಟ್ಟು ಕೊರಳಿಗೆ ಸ್ಟೆತಾಸ್ಕೋಪ್ ಹಾಕಿಕೊಂಡವರೇ ಡಾಕ್ಟರು. ಅದು ಹಳೆಯ ಠೀವಿ, ಬಿಟ್ಟುಬಿಡಬೇಕು ಎನ್ನುವ ಮಾತನ್ನು ಇಲ್ಲಿನ ಕನ್ನಡಿಗರು ಆಗಾಗ ಆಡುತ್ತಾರೆ. ನಾನು ಅದನ್ನು ಪೂರ್ತಿ ಒಪ್ಪುವುದಿಲ್ಲ. ಕೋಟು ಒಂದು ದೊಡ್ಡ ಕೆಲಸ ಮಾಡುತ್ತಿರುತ್ತದೆ. ಬೇರೆ ಏರ್ಪಾಡಿಲ್ಲದೆ ಅದನ್ನು ತೆಗೆದರೆ ನಷ್ಟವಾಗುವುದು ರೋಗಿಗೇ.

ಎದುರಿಗೆ ನಿಂತವರು ಯಾರು ಎಂದು ತಿಳಿಸುವುದೇ ಆ ಕೆಲಸ. ಅಮೆರಿಕದ 10 ಬೋಧನಾ ಆಸ್ಪತ್ರೆಗಳಲ್ಲಿ 4,062 ರೋಗಿಗಳಿಗೆ ಚಿತ್ರಗಳನ್ನು ತೋರಿಸಿ ಅಭಿಪ್ರಾಯ ಕೇಳಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಅದೇ ವೈದ್ಯ, ಅದೇ ವೈದ್ಯೆ. ಬದಲಾಗುತ್ತಿದ್ದದ್ದು ಉಡುಪು ಮಾತ್ರ, ಒಟ್ಟು 7 ಬಗೆ. ವೈದ್ಯರ ಉಡುಪು ತಮಗೆ ಮುಖ್ಯ ಎಂದವರು ಅರ್ಧಕ್ಕಿಂತ ಹೆಚ್ಚು. ನೀಟಾದ ಬಟ್ಟೆಯ ಮೇಲೆ ಬಿಳಿ ಕೋಟು ತೊಟ್ಟ ಚಿತ್ರಕ್ಕೆ ಅತಿ ಹೆಚ್ಚು ಅಂಕ ಸಿಕ್ಕಿತು. ಆದರೆ ತುರ್ತು ಚಿಕಿತ್ಸಾ ವಿಭಾಗದ ವೈದ್ಯರು ಮತ್ತು ಶಸ್ತ್ರಚಿಕಿತ್ಸಕರು ಸ್ಕ್ರಬ್ಸ್ ಎಂಬ ಅರ್ಧತೋಳಿನ ಸಡಿಲ ಆಸ್ಪತ್ರೆ ಉಡುಪಿನಲ್ಲಿದ್ದರೇ ಸರಿ ಎಂದವರು ಬಹಳ ಮಂದಿ. ಜನ ಆ ಕೆಲಸಕ್ಕೆ ಒಪ್ಪುವ ಉಡುಪನ್ನು ಹುಡುಕುತ್ತಾರೆ ಎಂದು ನನಗೆ ತೋರುತ್ತದೆ. ಬಿಳಿ ಬಣ್ಣದ ಮೇಲಿನ ಮೋಹ ಅದಲ್ಲ.

ಇಂಥ ಅಧ್ಯಯನಗಳಿಗೆ ಒಂದು ಮಿತಿಯಿದೆ. ಚಿತ್ರ ಮಾತಾಡುವುದಿಲ್ಲ. ವೈದ್ಯರನ್ನು ನಿಜವಾಗಿ ಕಂಡು ಬಂದ ರೋಗಿಗಳನ್ನು ಕೇಳಿದಾಗ ಉಡುಪಿನ ಪ್ರಭಾವ ಕಡಿಮೆಯಾಗಿ ಕಾಣುತ್ತದೆ. ಮಾತು, ಗಮನ, ಮುಟ್ಟುವ ರೀತಿ ಅಷ್ಟರಲ್ಲಿ ಮುಂದೆ ಬಂದಿರುತ್ತವೆ. ಹಾಗಾದರೆ ಬಟ್ಟೆಯ ಆಟ ಮೊದಲ ಕೆಲವು ನಿಮಿಷಗಳದ್ದು ಅಷ್ಟೇ ಅಲ್ಲವೇ ಎನ್ನಬಹುದು. ಹೌದು, ಆದರೆ ಕಾಯಿಲೆಯ ವಿವರ ಕೇಳಿ ಬರೆದುಕೊಳ್ಳುವುದೂ ಆ ನಿಮಿಷಗಳಲ್ಲೇ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಅರವತ್ತು ದಾಟಿದ ಸಕ್ಕರೆ ಕಾಯಿಲೆಯ ಹಿರಿಯರೊಬ್ಬರು ಕಾಲಿನ ಗಾಯಕ್ಕೆಂದು ವಾರ್ಡಿಗೆ ಸೇರಿದ್ದಾರೆ. ನೀಲಿ ಸ್ಕ್ರಬ್ಸ್ ತೊಟ್ಟ ಯುವ ವೈದ್ಯೆ ಬಂದು ನೇರ ಪ್ರಶ್ನೆಗೆ ಇಳಿಯುತ್ತಾರೆ. ಅದೇ ಬಣ್ಣದ ಉಡುಪಿನಲ್ಲಿ ನರ್ಸ್ ಇದ್ದಾರೆ, ಫಿಸಿಯೋಥೆರಪಿಸ್ಟ್ ಕೂಡ ಇದ್ದಾರೆ. "ಮಾತ್ರೆ ಸರಿಯಾಗಿ ತಗೊಳ್ತಿದ್ದೀರಾ?" "ತಗೊಳ್ತಿದ್ದೀನಮ್ಮ." ರಾತ್ರಿ ಎಷ್ಟು ಸಲ ಮೂತ್ರಕ್ಕೆ ಏಳುತ್ತಾರೆ, ಗುಪ್ತಾಂಗದಲ್ಲಿ ತುರಿಕೆಯಿದೆಯೇ ಎಂಬುದಕ್ಕೆಲ್ಲ ಒಂದೊಂದೇ ಪದದ ಉತ್ತರ. ಎಲ್ಲ ಮುಗಿದ ಮೇಲೆ ಅವರು ಕೇಳುತ್ತಾರೆ: "ಸಿಸ್ಟರ್, ಡಾಕ್ಟ್ರು ಎಷ್ಟೊತ್ತಿಗೆ ಬರ್ತಾರೆ?"

ಎಡವಟ್ಟಾಗಿರುವುದನ್ನು ತಿಳಿಯಲು ಈ ಪ್ರಶ್ನೆಯೇ ಸಾಕು. ಅಲ್ಲಿಯವರೆಗೆ ಬರೆದುಕೊಂಡ ವಿವರ ಅರ್ಧವೇ ಇರಬಹುದು ಎಂದು ವೈದ್ಯೆ ಎಣಿಸಬೇಕು. ಮಾತ್ರೆ ನಿಲ್ಲಿಸಿ ಎರಡು ವಾರವಾದದ್ದನ್ನು ಆ ಹಿರಿಯರು "ದೊಡ್ಡ ಡಾಕ್ಟರಿಗೆ" ಹೇಳೋಣವೆಂದು ಇಟ್ಟುಕೊಂಡಿರಬಹುದು. ಗಾಯ ಏಕೆ ಮಾಯುತ್ತಿಲ್ಲ ಎಂಬುದಕ್ಕೆ ಉತ್ತರವೇ ಅದಾಗಿದ್ದರೆ ಒಂದು ದಿನ ವ್ಯರ್ಥ. ಅಮೆರಿಕದ ದಕ್ಷಿಣ ಕ್ಯಾರೊಲೈನಾದಲ್ಲಿ 400 ಮಂದಿಯನ್ನು ಕೇಳಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಇದರ ಸುಳಿವಿದೆ. ಮುಕ್ಕಾಲು ಪಾಲು ಜನ ಬಿಳಿ ಕೋಟಿನ ವೈದ್ಯರನ್ನೇ ಆರಿಸಿಕೊಂಡರು. ಲೈಂಗಿಕ, ಮಾನಸಿಕ ಸಮಸ್ಯೆಗಳನ್ನು ಅಂಥ ಉಡುಪಿನವರ ಹತ್ತಿರ ಹೇಳಿಕೊಳ್ಳುವುದು ಸುಲಭ ಎಂದರು.

ಆ ವೈದ್ಯೆ ಈಗ ಮಾಡಬೇಕಾದದ್ದು ಇಷ್ಟು: ಬೇಸರಪಡದೆ ಕುರ್ಚಿ ಎಳೆದು ಕೂತು, "ನಾನೇ ಡಾಕ್ಟರ್ ಯಜಮಾನ್ರೆ, ಈ ವಾರ್ಡಲ್ಲಿ ನಿಮ್ಮನ್ನ ನೋಡಿಕೊಳ್ತಿರೋದು ನಾನು" ಎಂದು ಹೇಳಿ, ಮಾತ್ರೆಯ ಪ್ರಶ್ನೆಯನ್ನು ಮೊದಲಿಂದ ಕೇಳುವುದು. ಎರಡನೆಯ ಸಲದ ಉತ್ತರ ಬೇರೆಯೇ ಬರಬಹುದು. ಹೆಣ್ಣುಮಕ್ಕಳನ್ನು ನರ್ಸ್ ಎಂದುಕೊಳ್ಳುವುದು ಇಲ್ಲಿಯೂ ಇದೆ, ಅಲ್ಲಿಯೂ ಇದೆ. ಕೋಟು ಹೋದರೆ ಅದರ ಬೆಲೆ ತೆರುವವರು ಹೆಚ್ಚಾಗಿ ಅವರೇ.

ಇಂಗ್ಲೆಂಡ್ ಈ ಪಾಠವನ್ನು ತಡವಾಗಿ ಕಲಿಯಿತು. ಕ್ಯಾನ್ಸರ್‌ನಿಂದ ಬಳಲುತ್ತಿದ್ದ ವೈದ್ಯೆ ಕೇಟ್ ಗ್ರೇಂಜರ್, ತಮ್ಮನ್ನು ನೋಡಲು ಬಂದ ಸಿಬ್ಬಂದಿ ಹೆಸರನ್ನೂ ಹೇಳುವುದಿಲ್ಲವೆಂದು ನೊಂದು, 2013ರಲ್ಲಿ ಮೊದಲು ಪರಿಚಯ ಹೇಳಿಕೊಳ್ಳಿ ಎಂಬ ಅಭಿಯಾನ ಆರಂಭಿಸಿದರು. ಹೆಸರನ್ನು ದೊಡ್ಡದಾಗಿ ಬರೆದ ಹಳದಿ ಬ್ಯಾಡ್ಜುಗಳು ಈಗ ಇಲ್ಲಿ ಸಾಮಾನ್ಯ. ನಮ್ಮಲ್ಲಿ ಗುರುತಿನ ಚೀಟಿ ಕೊರಳ ದಾರದಲ್ಲಿ ತೂಗುತ್ತದೆ. ಅದು ತಿರುಗಿ ಹಿಂಬದಿಯಷ್ಟೇ ಕಾಣುತ್ತದೆ, ಬಾಗಿದರೆ ಗಾಯದ ಮೇಲೆ ಬೀಳುತ್ತದೆ. ಎದೆಗೆ ಪಿನ್ ಮಾಡಿ, ಕನ್ನಡದಲ್ಲಿ, ಹಾಸಿಗೆಯಲ್ಲಿ ಮಲಗಿದವರು ಓದುವಷ್ಟು ದೊಡ್ಡದಾಗಿ "ವೈದ್ಯೆ" ಅಥವಾ "ವೈದ್ಯ" ಎಂದು ಹಾಕಿದರೆ ಕೋಟಿನ ಅರ್ಧ ಕೆಲಸ ಮುಗಿಯುತ್ತದೆ.

ಇನ್ನು ಸೋಂಕಿನ ಮಾತು. ಕೋಟು ತೆಗೆದರೆ ಸೋಂಕು ಇಳಿಯುತ್ತದೆ ಎಂದು ಖಚಿತವಾಗಿ ಹೇಳುವವರು ಅವಸರ ಮಾಡುತ್ತಿದ್ದಾರೆ. ಅಮೆರಿಕದ ಡೆನ್ವರ್‌ನಲ್ಲಿ 100 ವೈದ್ಯರ ಮೇಲೆ ನಡೆಸಿ 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವರು ತಮ್ಮ ಎಂದಿನ ಕೋಟು, ಉಳಿದವರು ಹೊಸದಾಗಿ ಒಗೆದ ಅರ್ಧತೋಳಿನ ಉಡುಪು ತೊಟ್ಟರು. 8 ಗಂಟೆ ಕೆಲಸವಾದ ಮೇಲೆ ಎರಡರ ಮೇಲಿನ ಬ್ಯಾಕ್ಟೀರಿಯಾದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಒಗೆದ ಬಟ್ಟೆ ಮೂರೇ ಗಂಟೆಯಲ್ಲಿ ಆ ಮಟ್ಟದ ಅರ್ಧದ ಹತ್ತಿರಕ್ಕೆ ಬಂದಿತ್ತು.

ಆದರೂ ಮೊಣಕೈಯಿಂದ ಕೆಳಗೆ ಏನೂ ಇರಬಾರದೆಂಬ ನಿಯಮ ನನಗೆ ಸರಿಯೆನಿಸುವುದು ಮಣಿಕಟ್ಟಿನ ಕಾರಣಕ್ಕೆ. ಸೋಪಿನಿಂದ ಕೈ ತೊಳೆಯಲು 40ರಿಂದ 60 ಸೆಕೆಂಡು, ಆಲ್ಕೋಹಾಲ್ ದ್ರಾವಣ ಹಚ್ಚಿ ಉಜ್ಜಲು 20ರಿಂದ 30 ಸೆಕೆಂಡು ಬೇಕು. ತೋಳು ಮಣಿಕಟ್ಟಿನವರೆಗಿದ್ದರೆ ಉಜ್ಜುವುದು ಅಂಗೈಗೇ ನಿಲ್ಲುತ್ತದೆ. ಗಡಿಯಾರದ ಪಟ್ಟಿ, ಬಳೆ, ಕಟ್ಟಿಸಿಕೊಂಡ ದಾರ ಇವುಗಳ ಕೆಳಗೆ ನೀರು ನಿಲ್ಲುತ್ತದೆ, ಚರ್ಮ ತೊಳೆಯದೆ ಉಳಿಯುತ್ತದೆ. ನಂಬಿಕೆಯ ವಿಷಯ ಬಂದಾಗ ಇಲ್ಲಿ ಹಟ ಹಿಡಿಯಲಿಲ್ಲ. ಸಿಖ್ ವೈದ್ಯರು ಕಡಗವನ್ನು ಮೇಲಕ್ಕೆ ಸರಿಸಿ ಬಿಗಿಮಾಡಿಕೊಳ್ಳಬಹುದು ಎಂದು ನಂತರದ ಸೂಚನೆ ಹೇಳಿತು. ನಮ್ಮ ಬಳೆಗೂ ಅದೇ ದಾರಿ ಸಾಧ್ಯ. ದಾರವಾದರೆ ಮೇಲ್ತೋಳಿಗೆ ಕಟ್ಟಿಕೊಳ್ಳಬಹುದು.

ಹಾಗಾಗಿ ಕರ್ನಾಟಕದ ಹೊರರೋಗಿ ವಿಭಾಗಕ್ಕೆ ಅರ್ಧತೋಳಿನ ಬಿಳಿ ಕೋಟೇ ಸರಿ ಎಂಬುದು ನನ್ನ ಅಭಿಪ್ರಾಯ. ದಿನಕ್ಕೊಂದು ಕೋಟು ತೊಡುವಷ್ಟು ಇಟ್ಟುಕೊಳ್ಳಬೇಕು, ಕ್ಯಾಂಟೀನಿಗೂ ಕಾರಿಗೂ ಒಯ್ಯಬಾರದು. 60 ಡಿಗ್ರಿ ಬಿಸಿನೀರಿನಲ್ಲಿ ಹತ್ತು ನಿಮಿಷ ಒಗೆದರೆ ಬಹುಪಾಲು ಸೂಕ್ಷ್ಮಜೀವಿಗಳು ಹೋಗುತ್ತವೆ. ವಾರಗಟ್ಟಲೆ ಒಗೆಯದೆ ಬಾಗಿಲ ಹಿಂದೆ ನೇತಾಡಿದ, ತೋಳಿನ ಅಂಚು ಕಪ್ಪಾದ ಕೋಟನ್ನು ತೊಡುವುದಕ್ಕಿಂತ ಒಗೆದ ಶರ್ಟಿನ ತೋಳು ಮಡಚಿಕೊಳ್ಳುವುದು ವಾಸಿ, ಏಕೆಂದರೆ ರೋಗಿ ಆ ಅಂಚನ್ನು ಹತ್ತಿರದಿಂದಲೇ ನೋಡುತ್ತಾನೆ.

ಕೋಟು ಬಿಡಲೇಬೇಕೆಂದು ಯಾವುದಾದರೂ ಆಸ್ಪತ್ರೆ ತೀರ್ಮಾನಿಸಿದರೆ, ಕಾರಣವನ್ನು ರೋಗಿಗಳಿಗೆ ತಿಳಿಸಿಯೇ ಬಿಡಲಿ. ಸೋಂಕು ಹರಡುವ ಬಗೆಯನ್ನು ವಿವರಿಸಿದ ಮೇಲೆ ರೋಗಿಗಳ ಒಲವು ಅರ್ಧತೋಳಿನ ಕಡೆಗೆ ತಿರುಗಿದ್ದನ್ನು ಇಲ್ಲಿನ ಅಧ್ಯಯನವೊಂದು ತೋರಿಸಿದೆ. ಹಾಸಿಗೆಯ ತಲೆಯ ಬಳಿ ಎರಡು ಸಾಲಿನ ಕನ್ನಡ ಸೂಚನೆ ಅಂಟಿಸಬಹುದು. ಕೈಗೆ ಹಚ್ಚುವ ದ್ರಾವಣವನ್ನು ಬಾಗಿಲ ಹೊರಗಿಡದೆ ಹಾಸಿಗೆಯ ಕಾಲ ಬಳಿ ಇಟ್ಟರೆ, ವೈದ್ಯರು ಮುಟ್ಟುವ ಮುನ್ನ ಕೈ ಉಜ್ಜಿಕೊಳ್ಳುವುದು ಮಲಗಿದವರಿಗೂ ಕಾಣುತ್ತದೆ.