ಸತ್ಯಾಂಶ: ಆಪ್ಷನ್ ಖರ್ಚು ಬರೀ ಬ್ರೋಕರೇಜ್ ಅಲ್ಲ

ಫಾರ್ವರ್ಡ್: "ಆಪ್ಷನ್‌ಗೆ ಬ್ರೋಕರೇಜ್ ಆರ್ಡರ್‌ಗೆ 20 ರೂಪಾಯಿ ಅಷ್ಟೇ. ದೂರದ ಸ್ಟ್ರೈಕ್ 5 ರೂಪಾಯಿಗೇ ಸಿಗುತ್ತೆ, ಖರ್ಚೇ ಇಲ್ಲ!"

ದೊಡ್ಡ ಖರ್ಚು, ಅಂದರೆ ಕೊಳ್ಳುವ ಮತ್ತು ಮಾರುವ ಬೆಲೆಗಳ ಅಂತರ, ಬಿಲ್ಲಿನಲ್ಲಿ ಕಾಣುವುದೇ ಇಲ್ಲ. ಒಂದು ಲೆಕ್ಕ ನೋಡಿ. ಅಷ್ಟಾಗಿ ವಹಿವಾಟಿಲ್ಲದ ಒಂದು ಷೇರಿನ ದೂರದ ಸ್ಟ್ರೈಕ್‌ನ, ಅಂದರೆ ಷೇರು ಕೊಳ್ಳುವ ದರ ಈಗಿನ ಬೆಲೆಗಿಂತ ತುಂಬಾ ಮೇಲೆ ನಿಗದಿಯಾದ, ಕಾಲ್ ಆಪ್ಷನ್. ಕೊಳ್ಳುವವರು ಕೊಡುವ ಬೆಲೆ, ಅಂದರೆ ಬಿಡ್, 4.20. ಮಾರುವವರು ಕೇಳುವ ಬೆಲೆ, ಆಸ್ಕ್, 5.00. ಲಾಟ್ 500 ಷೇರು ಅಂದುಕೊಳ್ಳಿ. ಮಾರ್ಕೆಟ್ ಆರ್ಡರ್ ಹಾಕಿ 5.00ಕ್ಕೆ ಕೊಂಡು ತಕ್ಷಣ 4.20ಕ್ಕೆ ಮಾರಿದರೆ 80 ಪೈಸೆ × 500, ಅಂದರೆ 400 ರೂಪಾಯಿ ಹೋಯಿತು. ಹಾಕಿದ್ದು 2,500. ಷೇರು ಕದಲದೆಯೇ 16% ನಷ್ಟ! ಎರಡೂ ಕಡೆಯ ಬ್ರೋಕರೇಜ್ 40 ರೂಪಾಯಿ ಇದರ ಮುಂದೆ ಏನೂ ಅಲ್ಲ, ಅಲ್ವಾ?

ಅದೇ ನಿಫ್ಟಿಯಲ್ಲಿ, ಈಗಿನ ಸೂಚ್ಯಂಕಕ್ಕೆ ಹತ್ತಿರದ ಸ್ಟ್ರೈಕ್‌ನಲ್ಲಿ, ಹತ್ತಿರದ ಎಕ್ಸ್‌ಪೈರಿಗೆ, ಈ ಅಂತರ ಸಾಮಾನ್ಯವಾಗಿ ಕೆಲವೇ ಪೈಸೆ. ಅಲ್ಲಿ ಜನ ಜಾಸ್ತಿ. ದೂರದ ಸ್ಟ್ರೈಕ್‌ಗೆ ಹೋದಷ್ಟೂ ಪ್ರೀಮಿಯಂಗೆ, ಅಂದರೆ ಆಪ್ಷನ್ ಬೆಲೆಗೆ, ಹೋಲಿಸಿದರೆ ಅಂತರ ದೊಡ್ಡದಾಗುತ್ತದೆ. ತುಂಬಾ ಇನ್-ದ-ಮನಿ, ಅಂದರೆ ಈಗಾಗಲೇ ಲಾಭದ ಬದಿಯಲ್ಲಿರುವ, ಸ್ಟ್ರೈಕ್‌ನಲ್ಲೂ ಗಿರಾಕಿಗಳು ಕಡಿಮೆ.

ಪರದೆಯಲ್ಲಿ ಕಾಣುವ LTP, ಅಂದರೆ ಕೊನೆಯ ವ್ಯವಹಾರದ ಬೆಲೆ, ನಂಬಬೇಡಿ. ಅದು ಅರ್ಧ ಗಂಟೆ ಹಿಂದಿನ ವ್ಯವಹಾರದ್ದೂ ಆಗಿರಬಹುದು. ಮಾರ್ಕೆಟ್ ಡೆಪ್ತ್ ತೆರೆದು ಬಿಡ್, ಆಸ್ಕ್ ನೋಡಿ. ಅಂತರವನ್ನು ಪ್ರೀಮಿಯಂನಿಂದ ಭಾಗಿಸಿ. 2-3%ಗಿಂತ ಜಾಸ್ತಿ ಬಂದರೆ ನಾನಂತೂ ಆ ಸ್ಟ್ರೈಕ್ ಬಿಡುತ್ತೇನೆ. ಓಪನ್ ಇಂಟರೆಸ್ಟ್ ದೊಡ್ಡದಿದೆ ಅಂತ ಸುಮ್ನೆ ಸಮಾಧಾನ ಬೇಡ, ಅದು ಇನ್ನೂ ಮುಚ್ಚದ ಹಳೆಯ ಪೊಸಿಷನ್‌ಗಳ ಲೆಕ್ಕ.

ಕೊಳ್ಳಲೇಬೇಕಾದರೆ ನಡುವೆ, 4.60ಕ್ಕೆ ಲಿಮಿಟ್ ಆರ್ಡರ್ ಹಾಕಿ ಕಾಯಿರಿ. ಸಿಗದೇ ಹೋಗಬಹುದು. ಸಿಕ್ಕರೂ, ಹೊರಬರುವಾಗ ಇದೇ ಅಂತರ ಮತ್ತೆ ಎದುರಾಗುತ್ತದೆ.