ಇನ್‌ಕ್ರಿಮೆಂಟ್ ಬಂತು, ಇನ್ನೂರು ಹೋಯ್ತು

ನನ್ನ ಸಂಬಳ ವರ್ಷಕ್ಕೆ 12,75,000. 2025ರ ಬಜೆಟ್ ಬಂದ ದಿನ ಮನೆಯಲ್ಲಿ ಪಾಯಸ ಮಾಡಿಸಿದ್ದೆ. ಹೊಸ ತೆರಿಗೆ ಪದ್ಧತಿಯಲ್ಲಿ ಸಂಬಳದಿಂದ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ ಉಳಿಯುವುದು ಸರಿಯಾಗಿ 12 ಲಕ್ಷ. 12 ಲಕ್ಷದವರೆಗೆ ತೆರಿಗೆ ಸೊನ್ನೆ. ನನ್ನನ್ನೇ ಎದುರಿಗೆ ಕೂರಿಸಿಕೊಂಡು ಕಾನೂನು ಬರೆದ ಹಾಗಿತ್ತು.

ಏಪ್ರಿಲ್‌ನಲ್ಲಿ ಆಫೀಸಿನವರು ತಿಂಗಳಿಗೆ 5,000 ಜಾಸ್ತಿ ಮಾಡಿದರು. ಮಡಿಕೇರಿಯ ಖಾಸಗಿ ಕೆಲಸದಲ್ಲಿ ಇದು ಸಣ್ಣ ಸುದ್ದಿ ಅಲ್ಲ. ಅವತ್ತೇ ಪಂದಿ ಕರಿಗೆ ಎರಡು ಕಿಲೋ ಮಾಂಸ ತಂದೆ. ತಿಂಗಳ ಕೊನೆಗೆ ಸಂಬಳದ ಚೀಟಿ ಬಂತು. ತೆರಿಗೆ ಅಂತ ಹಿಡಿದದ್ದು 5,980.

ಕೊಟ್ಟದ್ದು 5,000, ಕಿತ್ತುಕೊಂಡದ್ದು 5,980. ಚೀಟಿ ಹಿಡಿದು ಅಕೌಂಟ್ಸ್‌ನವರ ಹತ್ತಿರ ಓಡಿದೆ.

"ಸಾರ್, ನೀವು 12 ಲಕ್ಷ ದಾಟಿದ್ರಿ ಅಲ್ವಾ?" ಅಂದರು. ಮನೆ ಬಾಗಿಲು ಮುರಿದು ಸಿಕ್ಕಿಬಿದ್ದವನನ್ನು ಕೇಳುವ ಧಾಟಿ.

ಆಮೇಲೆ ಕೂರಿಸಿ ಲೆಕ್ಕ ತೋರಿಸಿದರು. ಸಂಬಳ ಈಗ 13,35,000. ಡಿಡಕ್ಷನ್ ಕಳೆದು 12,60,000. ಮೊದಲ 4 ಲಕ್ಷಕ್ಕೆ ಏನೂ ಇಲ್ಲ. 4ರಿಂದ 8 ಲಕ್ಷಕ್ಕೆ ಶೇಕಡಾ 5, ಅಂದರೆ 20,000. 8ರಿಂದ 12ಕ್ಕೆ ಶೇಕಡಾ 10, ಅಂದರೆ 40,000. ಮೇಲಿನ 60,000ಕ್ಕೆ ಶೇಕಡಾ 15, ಅಂದರೆ 9,000. ಒಟ್ಟು 69,000. ಅದರ ಮೇಲೆ ಶೇಕಡಾ 4 ಸೆಸ್ ಸೇರಿ 71,760. ಹನ್ನೆರಡು ಭಾಗ ಮಾಡಿದರೆ 5,980.

ಅಂದರೆ 12 ಲಕ್ಷದವನಿಗೂ 60,000 ತೆರಿಗೆ ಇದ್ದೇ ಇದೆ! ರಿಬೇಟ್ ಅಂತ ಅದನ್ನು ಪೂರಾ ಮಾಫಿ ಮಾಡುತ್ತಾರೆ, ಅಷ್ಟೇ. ಎಲೆ ಹಾಕಿ, ಬಡಿಸಿ, ಬಿಲ್ ಬರೆದು, ಆಮೇಲೆ ಬಿಲ್ ಹರಿದ ಹಾಗೆ. ಒಂದು ತುತ್ತು ಜಾಸ್ತಿ ಉಂಡರೆ ಹರಿಯುವುದಿಲ್ಲ.

ಸ್ಲ್ಯಾಬ್ ದಾಟಿದರೆ ನಷ್ಟ ಅನ್ನುವವರನ್ನು ನಾನು ಇಷ್ಟು ವರ್ಷ ಗೇಲಿ ಮಾಡುತ್ತಿದ್ದೆ. ಜಾಸ್ತಿ ದರ ಬೀಳುವುದು ದಾಟಿದ ದುಡ್ಡಿಗೆ ಮಾತ್ರ, ಕೆಳಗಿನದಕ್ಕೆ ಅಲ್ಲ ಅಂತ ಮದುವೆ ಮನೆಗಳಲ್ಲೂ ಪಾಠ ಮಾಡಿದ್ದೇನೆ. ಪಾಠ ಸರಿಯೇ. ಆದರೆ ರಿಬೇಟ್ ನಿಲ್ಲುವ ಗೆರೆಯಲ್ಲಿ ಅದು ನಡೆಯುವುದಿಲ್ಲ.

ಸುಮ್ನೆ ಬಿಡಲಿಲ್ಲ, ಕಾನೂನು ತೆಗೆದು ನೋಡಿದೆ. ಮಾರ್ಜಿನಲ್ ರಿಲೀಫ್ ಅಂತ ಒಂದಿದೆ. 12 ಲಕ್ಷದ ಮೇಲೆ ಎಷ್ಟು ದಾಟಿದ್ದೀರೋ ಅದಕ್ಕಿಂತ ಜಾಸ್ತಿ ತೆರಿಗೆ ಹಾಕುವ ಹಾಗಿಲ್ಲ. ನಾನು ದಾಟಿದ್ದು 60,000, ಹಾಗಾಗಿ ತೆರಿಗೆಯೂ 60,000ಕ್ಕೆ ನಿಲ್ಲಬೇಕು. 69,000 ಹಾಕಿದ್ದು ತಪ್ಪು. ಅಕೌಂಟ್ಸ್‌ನವರು ಒಪ್ಪಿಕೊಂಡರು. ಅವರ ಸಾಫ್ಟ್‌ವೇರ್‌ಗೆ ರಿಲೀಫ್ ಗೊತ್ತಿರಲಿಲ್ಲವಂತೆ. ಸೆಸ್ ಮಾತ್ರ ಚೆನ್ನಾಗಿ ಗೊತ್ತಿತ್ತು.

ಗೆದ್ದೆ ಅಂದುಕೊಂಡೆ. ಆದರೆ ರಿಲೀಫ್ ಇರುವುದು ತೆರಿಗೆಗೆ, ಸೆಸ್‌ಗೆ ಅಲ್ಲ. 60,000ದ ಮೇಲೆ ಆರೋಗ್ಯ ಮತ್ತು ಶಿಕ್ಷಣ ಸೆಸ್ 2,400. ಒಟ್ಟು 62,400, ತಿಂಗಳಿಗೆ 5,200. ಕೊಟ್ಟದ್ದು 5,000. ಆರೋಗ್ಯ ಕೆಟ್ಟಿತು, ಶಿಕ್ಷಣ ಆಯಿತು.

ಸಾಯಂಕಾಲ ಪಕ್ಕದ ಕಾಫಿ ತೋಟದ ಅಣ್ಣನಿಗೆ ಹೇಳಿದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ.

"ಕಾಫಿ ಹೂ ಬಿಡಿಸೋ ಹೂಮಳೆ ಇದ್ದ ಹಾಗೆ ಮಾರಾಯ. ಸಾಲದಷ್ಟು ಬಂದ್ರೆ ಬಾರದೇ ಇದ್ದದ್ದಕ್ಕಿಂತ ಕಷ್ಟ. ಮೊಗ್ಗು ಪೂರ್ತಿ ಬಿಡೋದಿಲ್ಲ, ಸುಮ್ನೆ ಇರೋದೂ ಇಲ್ಲ. ನಿನಗೆ ಬಂದದ್ದು ತುಂತುರು."

ಹಾಗಾದರೆ ಎಷ್ಟು ಇಂಚು ಬೇಕಿತ್ತು? ರಾತ್ರಿ ಕೂತು ಲೆಕ್ಕ ಹಾಕಿದೆ. ಸಂಬಳ ಸುಮಾರು 13,45,590 ಆಗುವವರೆಗೆ ಜಾಸ್ತಿಯಾದ ಪ್ರತಿ 100 ರೂಪಾಯಿಗೆ 104 ಹೋಗುತ್ತದೆ. ಅಲ್ಲಿಗೆ ಸ್ಲ್ಯಾಬಿನ ತೆರಿಗೆಯೂ ದಾಟಿದ ದುಡ್ಡೂ ಒಂದೇ ಆಗಿ ರಿಲೀಫ್ ಮುಗಿಯುತ್ತದೆ. ಕಳೆದುಕೊಂಡದ್ದು ಪೂರ್ತಿ ವಾಪಸ್ ಬರಬೇಕಾದರೆ ಸುಮಾರು 13,48,930 ತಲುಪಬೇಕು. ಅಷ್ಟಾದರೆ ಕೈಗೆ ಸಿಗುವುದು 12,75,000. ಸುಮಾರು 74,000 ಜಾಸ್ತಿ ದುಡಿದು, ಹೊರಟ ಜಾಗಕ್ಕೇ ಬಂದು ನಿಂತ ಹಾಗೆ.

ಒಂದು ದಾರಿ ಇದೆ. ಜಾಸ್ತಿ ಮಾಡಿದ 5,000ವನ್ನು ಆಫೀಸಿನವರೇ ನನ್ನ ಎನ್‌ಪಿಎಸ್ ಪಿಂಚಣಿ ಖಾತೆಗೆ ಕಟ್ಟಿದರೆ, ಮೂಲ ವೇತನ ಮತ್ತು ಡಿಎಯ ಶೇಕಡಾ 14ರವರೆಗೆ ಹೊಸ ಪದ್ಧತಿಯಲ್ಲೂ ವಿನಾಯಿತಿ ಸಿಗುತ್ತದೆ. ನಾನೇ ಕಟ್ಟಿದರೆ ಸಿಗುವುದಿಲ್ಲ. ಆಗ ಆದಾಯ ಮತ್ತೆ 12 ಲಕ್ಷಕ್ಕೆ ಇಳಿದು ತೆರಿಗೆ ಸೊನ್ನೆ. ದುಡ್ಡು ಕೈಗೆ ಬರಲು ಮುದುಕನಾಗಬೇಕು, ಅದು ಹೇಗೂ ಆಗುತ್ತಿದೆ. ಅರ್ಜಿ ಕೊಟ್ಟೆ. "ಅಂಥ ಪದ್ಧತಿ ನಮ್ಮಲ್ಲಿ ಇಲ್ಲ, ಮುಂದಿನ ವರ್ಷ ನೋಡೋಣ" ಅಂದರು.

ಹುತ್ತರಿ ಹೊತ್ತಿಗೆ ನನ್ನನ್ನು ವರ್ಷದ ಉತ್ತಮ ನೌಕರ ಅಂತ ಆರಿಸಿದರು. ವೇದಿಕೆಗೆ ಕರೆದು, ಶಾಲು ಹೊದಿಸಿ, 5,000 ರೂಪಾಯಿಯ ಕವರ್ ಕೊಟ್ಟರು. ಅದೂ ಸಂಬಳಕ್ಕೇ ಸೇರುತ್ತದೆ. ಸಾಹೇಬರಿಗೆ ಕೈ ಮುಗಿದು ಕೆಳಗೆ ಇಳಿದೆ. ಕವರ್ ಹಾಗೇ ಇಟ್ಟು, ಸೇರಿಸಬೇಕಾದ 200ಕ್ಕೆ ಜೇಬು ತಡಕಾಡಿದೆ.