ವೇಗವು ರೋಮಾಂಚನಗೊಳಿಸುತ್ತದೆ, ಆದರೆ...

‘ಸ್ಪೀಡ್ ಥ್ರಿಲ್ಸ್ ಬಟ್ ಕಿಲ್ಸ್.’ ಇಂಗ್ಲಿಷಿನಲ್ಲಿ ನಾಲ್ಕೇ ಪದ. ಥ್ರಿಲ್ಸ್ ಅಂದ ಬಾಯಿ ಮುಚ್ಚುವ ಮೊದಲೇ ಕಿಲ್ಸ್ ಬಂದು ಕಪಾಳಕ್ಕೆ ಬಾರಿಸುತ್ತದೆ. ರಸ್ತೆ ಬದಿಯ ಈ ಬೋರ್ಡನ್ನು ಕನ್ನಡಕ್ಕೆ ತರಬೇಕು ಅಂತ ಒಂದು ಕಚೇರಿಯವರು ನನ್ನನ್ನು ಕರೆದರು. ಹೋಗಿ ನೋಡಿದರೆ ಕನ್ನಡ ಆಗಲೇ ತಯಾರಾಗಿತ್ತು. ಸುಮ್ನೆ ಕಾಗುಣಿತ ನೋಡಿ ಸಹಿ ಹಾಕುವುದಷ್ಟೇ ನನ್ನ ಪಾಲಿನ ಕೆಲಸ.

‘ವೇಗವು ರೋಮಾಂಚನಗೊಳಿಸುತ್ತದೆ ಆದರೆ ಕೊಲ್ಲುತ್ತದೆ.’

ಕಾಗುಣಿತ ಸರಿಯಿತ್ತು. ತಪ್ಪು ಅನ್ನೋಕೆ ಒಂದಕ್ಷರವೂ ಸಿಗಲಿಲ್ಲ. ಅದೇ ತೊಂದರೆ.

ಬೆರಳು ಮಡಚಿ ಎಣಿಸಿದೆ. ಹತ್ತೊಂಬತ್ತು ಅಕ್ಷರ. ಅದರಲ್ಲಿ ಒಂಬತ್ತನ್ನು ರೋಮಾಂಚನವೇ ನುಂಗಿತ್ತು. ಇಂಗ್ಲಿಷಿನ ಏಟೆಲ್ಲ ಇರುವುದು ಥ್ರಿಲ್ಸ್–ಕಿಲ್ಸ್ ಎಂಬ ಪ್ರಾಸದಲ್ಲಿ. ಕನ್ನಡದಲ್ಲೂ ಪ್ರಾಸ ಇದೆ ಸಾರ್ ಅಂದರು ಸಾಹೇಬರು. ಎಲ್ಲಿ ಅಂದೆ. ‘ಗೊಳಿಸುತ್ತದೆ, ಕೊಲ್ಲುತ್ತದೆ. ತ್ತದೆ, ತ್ತದೆ!’ ಹಾಗೆ ನೋಡಿದರೆ ಮಳೆ ಬರುತ್ತದೆ, ಹೂವು ಅರಳುತ್ತದೆ, ಕಡತ ಕೊಳೆಯುತ್ತದೆ ಎಲ್ಲವೂ ಕಾವ್ಯವೇ. ನಮ್ಮ ಭಾಷೆಯಲ್ಲಿ ಕ್ರಿಯಾಪದ ಕೊನೆಗೆ ಬಂದು ಅದೇ ಬಾಲ ಅಲ್ಲಾಡಿಸುತ್ತದೆ. ಅದು ವ್ಯಾಕರಣ. ಏಟು ಬೇಕಾದರೆ ಆ ಬಾಲವನ್ನೇ ಕತ್ತರಿಸಬೇಕು.

ಇನ್ನೊಬ್ಬ ಅಧಿಕಾರಿಗೆ ಬೇರೆಯೇ ಅನುಮಾನ. ‘ಕೊಲ್ಲುತ್ತದೆ ಸರಿ, ಯಾರನ್ನು?’ ಪಾಪ, ಕೇಳಿದ್ದು ನ್ಯಾಯವೇ. ಇಂಗ್ಲಿಷಿನ ಕಿಲ್ಸ್ ಒಂಟಿಯಾಗಿ ನಿಲ್ಲುತ್ತದೆ, ಕನ್ನಡದ ಕೊಲ್ಲುವುದಕ್ಕೆ ಒಬ್ಬ ಬೇಕು. ತಕ್ಷಣ ‘ನಿಮ್ಮನ್ನು’ ಸೇರಿತು. ಹತ್ತೊಂಬತ್ತು ಇಪ್ಪತ್ತೆರಡಾಯಿತು.

ಆಮೇಲೆ ಬೋರ್ಡಿನ ನಕ್ಷೆ ಬಂತು. ಇಂಗ್ಲಿಷ್ ಅಳತೆಗೆ ಮಾಡಿದ ಚೌಕಟ್ಟು ಅದು. ಮೇಲಿನ ಸಾಲಿನಲ್ಲಿ ದಪ್ಪಗೆ ‘ವೇಗವು ನಿಮ್ಮನ್ನು ರೋಮಾಂಚನಗೊಳಿಸುತ್ತದೆ’. ಜಾಗ ಮುಗಿದಿದ್ದರಿಂದ ಕೆಳಗೆ ಸಣ್ಣಗೆ ‘ಆದರೆ ಕೊಲ್ಲುತ್ತದೆ’. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಗಾಡಿ ಸೆಕೆಂಡಿಗೆ ಸುಮಾರು 22 ಮೀಟರ್ ಓಡುತ್ತದೆ. ಸವಾರ ರೋಮಾಂಚನ ಮುಗಿಸುವಷ್ಟರಲ್ಲಿ ಬೋರ್ಡು ಬೆನ್ನ ಹಿಂದೆ. ಅಂದರೆ ಅವನು ಓದುವುದು ವೇಗದ ಜಾಹೀರಾತು, ಅದೂ ಸರ್ಕಾರಿ ಖರ್ಚಿನಲ್ಲಿ.

ಘೋಷಣೆ ಭಾಷೆ ಬದಲಿಸುವಾಗ ಪದಗಳನ್ನು ಅಲ್ಲೇ ಬಿಟ್ಟು ಬರಬೇಕು, ಏಟನ್ನು ಮಾತ್ರ ತರಬೇಕು ಅಂತ ಹೇಳಿ ನೋಡಿದೆ. ಹಿಂದಿ ಬೋರ್ಡು ನೋಡಿ, ‘ದುರ್ಘಟನಾ ಸೇ ದೇರ್ ಭಲೀ’. ಅಪಘಾತಕ್ಕಿಂತ ತಡವೇ ವಾಸಿ ಅಂತ. ಅದರಲ್ಲಿ ಥ್ರಿಲ್ಲೂ ಇಲ್ಲ, ಕಿಲ್ಲೂ ಇಲ್ಲ. ಕೆಲಸ ಅದೇ, ಮಾತು ಮಾತ್ರ ಬೇರೆ. ಕನ್ನಡದ ಎಷ್ಟೋ ಗಾದೆಗಳೂ ಎರಡು ತುಂಡಾಗಿ, ಕ್ರಿಯಾಪದದ ಗೊಡವೆಯಿಲ್ಲದೆ ಬರುತ್ತವೆ. ‘ಅತಿ ಆಸೆ ಗತಿ ಕೇಡು’ ಯಾರಿಗೆ ಗೊತ್ತಿಲ್ಲ? ಅದರ ಬೆನ್ನೇರಿ ನಾನು ಬರೆದುಕೊಟ್ಟೆ:

‘ಅತಿ ವೇಗ, ಗತಿ ಕೇಡು.’

ಎಂಟೇ ಅಕ್ಷರ. ಗತಿ ಅಂದರೆ ಪಾಡೂ ಹೌದು, ಓಟವೂ ಹೌದು. ಅರ್ಧ ಓದಿದರೂ ಉಳಿದರ್ಧ ನಾಲಿಗೆಗೆ ಆಗಲೇ ಗೊತ್ತು. ಒಂದು ಕ್ಷಣ ಕೋಣೆಯಲ್ಲಿ ಎಲ್ಲರ ಮುಖ ಅರಳಿತು. ನಂತರ ಯಾರೋ ‘ವಾಪಸ್ ಅನುವಾದ’ ಅಂದರು.

ಕನ್ನಡ ಬಾರದ ಮೇಲಧಿಕಾರಿಗೆ ತೋರಿಸಲು ಕನ್ನಡವನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸುವ ಪರೀಕ್ಷೆ ಇದು. ಒಳ್ಳೆಯ ಉಪಾಯವೇ, ಅರ್ಥ ದಾರಿ ತಪ್ಪಿದ್ದರೆ ಹಿಡಿದುಕೊಡುತ್ತದೆ. ಎಚ್‌ಎಸ್‌ಬಿಸಿ ಬ್ಯಾಂಕಿನ ‘ಅಸ್ಯೂಮ್ ನಥಿಂಗ್’ ಕೆಲವು ದೇಶಗಳಲ್ಲಿ ‘ಏನೂ ಮಾಡಬೇಡಿ’ ಅಂತಾಗಿ, 2009ರಲ್ಲಿ ಘೋಷಣೆಯನ್ನೇ ಬದಲಿಸಬೇಕಾಯಿತು. ಅಂಥದ್ದಕ್ಕೆ ಈ ಪರೀಕ್ಷೆ ಬೇಕು. ಆದರೆ ಏಟು ಎಷ್ಟು ಜೋರಾಗಿದೆ ಅಂತ ಅದು ಅಳೆಯುವುದಿಲ್ಲ. ಅದಕ್ಕೇ ಈ ಕೆಲಸ ಬಲ್ಲವರು ಎರಡು ಮೂರು ಸಾಲು ಕೊಟ್ಟು, ಪ್ರತಿಯೊಂದರ ಪಕ್ಕ ಇದರ ಧಾಟಿ ಇದು, ಮೋಡಿ ಇಲ್ಲಿದೆ ಅಂತ ಟಿಪ್ಪಣಿ ಬರೆಯುತ್ತಾರೆ. ನಾನೂ ಬರೆದಿದ್ದೆ. ಜಾಸ್ತಿ ಕಾಗದ ಯಾಕೆ ಅಂತ ಅದನ್ನು ತೆಗೆದಿಟ್ಟರು.

ಫಲಿತಾಂಶ ಬಂತು. ಅವರ ಸಾಲು ಇಂಗ್ಲಿಷಿಗೆ ಹೋಗಿ ಹೆಚ್ಚೂಕಡಿಮೆ ಸ್ಪೀಡ್ ಥ್ರಿಲ್ಸ್ ಬಟ್ ಕಿಲ್ಸ್ ಆಗಿಯೇ ಮರಳಿತ್ತು. ನೂರಕ್ಕೆ ನೂರು! ನನ್ನದು ‘ಎಕ್ಸೆಸ್ ಸ್ಪೀಡ್, ಬ್ಯಾಡ್ ಫೇಟ್’ ಆಗಿತ್ತು. ಪಕ್ಕದಲ್ಲಿ ಕೆಂಪು ಶಾಯಿಯ ಪ್ರಶ್ನೆ: ‘ಥ್ರಿಲ್ ಎಲ್ಲಿ?’ ಕನ್ನಡ ಓದುವವನಿಗಾಗಿ ಬರೆದ ಸಾಲನ್ನು ಕನ್ನಡ ಓದದವರು ಫೇಲ್ ಮಾಡಿದರು.

ಬೋರ್ಡು ಈಗ ರಸ್ತೆ ಬದಿಯಲ್ಲಿದೆ. ಮೊನ್ನೆ ಅದರ ಕೆಳಗೆ ಒಬ್ಬರು ಬೈಕ್ ಸ್ಟ್ಯಾಂಡ್ ಹಾಕಿ, ಕಣ್ಣು ಕಿರಿದು ಮಾಡಿಕೊಂಡು ಎರಡನೇ ಸಾಲು ಓದುತ್ತಿದ್ದರು. ಸಾಹೇಬರಿಗೆ ಹೇಳಿದೆ. ಅವರು ಖುಷಿಯಾಗಿಬಿಟ್ಟರು. ‘ನೋಡಿದ್ರಾ, ವೇಗ ಸೊನ್ನೆಗೆ ಇಳೀತು ಅಲ್ವಾ?’